ಐದು ಮುಖ, ಒಂದೇ ಧ್ವನಿ: ಚರ್ಚೆಯ ವಿಡಿಯೋದಲ್ಲಿ ಮಾತನ್ನು ಆಡಿದವರಿಗೆ ಸೇರಿಸಿದ ಒಂದು ಪ್ರಕರಣ

ಕೆರೆಗಳ ಹೂಳೆತ್ತುವ ಕೆಲಸದ ಬಗ್ಗೆ ಐವರು ಒಂದೇ ಮೇಜಿನ ಹಿಂದೆ ಕುಳಿತು ನಡೆಸಿದ 50 ನಿಮಿಷಗಳ ಕನ್ನಡ ಚರ್ಚೆಯೊಂದಕ್ಕೆ, ಕಿವಿ ಕೇಳದ ವೀಕ್ಷಕರು ಓದಿಕೊಂಡು ನೋಡಲು ಅನುಕೂಲವಾಗುವಂತೆ, ಪ್ರತಿ ಮಾತಿನ ಮುಂದೆ ಅದನ್ನು ಆಡಿದವರ ಹೆಸರಿರುವ ಸಬ್‌ಟೈಟಲ್ ಸಿದ್ಧಪಡಿಸಬೇಕಾಗಿತ್ತು. ಮಾತುಗಳನ್ನು ಬರೆದುಕೊಂಡದ್ದಾಗಿತ್ತು, ಯಾವ ವಾಕ್ಯ ಯಾವ ಕ್ಷಣದಲ್ಲಿ ಶುರುವಾಗಿ ಯಾವ ಕ್ಷಣದಲ್ಲಿ ಮುಗಿಯುತ್ತದೆ ಎಂಬುದೂ ಗೊತ್ತಿತ್ತು. ಗೊತ್ತಾಗಬೇಕಾಗಿದ್ದುದು ಆ ವಾಕ್ಯ ತೆರೆಯ ಮೇಲಿರುವ ಯಾವ ಮುಖಕ್ಕೆ ಸೇರಿದ್ದು ಎಂಬುದು ಮಾತ್ರ. ಕೇಳಿಸಿಕೊಳ್ಳಬಲ್ಲವರು ಇದನ್ನು ಯೋಚಿಸದೆಯೇ ತಿಳಿದುಕೊಳ್ಳುತ್ತಾರೆ. ಕೇಳಿಸದವರಿಗೆ ಹೆಸರು ತಪ್ಪಿದ ಸಬ್‌ಟೈಟಲ್ ಹೆಸರೇ ಇಲ್ಲದ ಸಬ್‌ಟೈಟಲ್‌ಗಿಂತ ಹೆಚ್ಚು ಹಾನಿ ಮಾಡುತ್ತದೆ, ಏಕೆಂದರೆ ಗುತ್ತಿಗೆ ಕೆಲಸದ ವಿರುದ್ಧ ರೈತರು ಆಡಿದ ಮಾತು ಎಂಜಿನಿಯರರ ಹೆಸರಿನಲ್ಲಿ ಬಂದರೆ ಚರ್ಚೆಯ ಅರ್ಥವೇ ತಿರುವುಮುರುವಾಗುತ್ತದೆ.

ಹೀಗೆ ವಿಡಿಯೋದಲ್ಲಿ ಕಾಣುವ ಮುಖಗಳ ಪೈಕಿ ಕೇಳುತ್ತಿರುವ ದನಿ ಯಾರದೆಂದು ಕಂಡುಹಿಡಿಯುವ ಕೆಲಸಕ್ಕೆ ಕಂಪ್ಯೂಟರ್ ವಿಷನ್ ಕ್ಷೇತ್ರದಲ್ಲಿ ‘ಆಕ್ಟಿವ್ ಸ್ಪೀಕರ್ ಡಿಟೆಕ್ಷನ್’ ಎಂಬ ಹೆಸರಿದೆ. ಈ ಕೆಲಸಕ್ಕೆ ಸಿದ್ಧ ಮಾದರಿಗಳು ಉಚಿತವಾಗಿ ಸಿಗುತ್ತವೆ ಮತ್ತು ಪರೀಕ್ಷಾ ದತ್ತಾಂಶಗಳ ಮೇಲೆ ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ. ಹಾಗಿದ್ದೂ ಈ ಚರ್ಚೆಯ ಮೇಲೆ ಅವು ಮೊದಲಿಗೆ ಎಡವಿದವು. ಅದರ ಕಾರಣಗಳ ಪೈಕಿ ಹೆಚ್ಚಿನವು ಮಾದರಿಯ ಒಳಗಿರಲಿಲ್ಲ. ಮಾದರಿಗೆ ಒದಗಿಸಿದ ವಿಡಿಯೋದಲ್ಲಿ ಮತ್ತು ಮಾದರಿ ಕೊಟ್ಟ ಉತ್ತರವನ್ನು ಓದಿಕೊಂಡ ರೀತಿಯಲ್ಲಿ ಇದ್ದವು.

ವಿಡಿಯೋದ ಸ್ವರೂಪ

ಎರಡು ಕ್ಯಾಮೆರಾಗಳಿಂದ ಚಿತ್ರೀಕರಣವಾಗಿತ್ತು. ಒಂದನ್ನು ಸ್ಟ್ಯಾಂಡಿನ ಮೇಲೆ ಕದಲದಂತೆ ನಿಲ್ಲಿಸಿ ಐವರೂ ಕಾಣುವಂತೆ ಇಡಲಾಗಿತ್ತು; ಇನ್ನೊಂದನ್ನು ಛಾಯಾಗ್ರಾಹಕರು ಕೈಯಲ್ಲಿ ಹಿಡಿದು ಒಬ್ಬೊಬ್ಬರ ಮುಖವನ್ನು ಹತ್ತಿರದಿಂದ ತೋರಿಸುತ್ತಿದ್ದರು. ಸಂಕಲನಕಾರರು ಇವೆರಡನ್ನೂ ಬೆರೆಸಿ ಸೆಕೆಂಡಿಗೆ 25 ಫ್ರೇಮ್‌ಗಳ ಒಂದೇ ವಿಡಿಯೋ ಮಾಡಿದ್ದರು. ಐವರ ಮೈಕುಗಳೂ ಒಂದು ಮಿಕ್ಸರ್‌ನಲ್ಲಿ ಸೇರಿ, ಅಲ್ಲಿಂದ ಪ್ರತ್ಯೇಕ ರೆಕಾರ್ಡರ್‌ನಲ್ಲಿ ಒಂದೇ ಚಾನೆಲ್ ಆಗಿ ದಾಖಲಾಗಿದ್ದವು. ಪ್ರತಿ ಮೈಕಿನ ಧ್ವನಿ ಬೇರೆ ಬೇರೆಯಾಗಿ ಉಳಿದಿದ್ದರೆ ಯಾವ ಚಾನೆಲ್ ಜೋರಾಗಿದೆ ಎಂದು ನೋಡಿದರೇ ಬಹುಪಾಲು ಕೆಲಸ ಮುಗಿಯುತ್ತಿತ್ತು. ಇಂಥ ಚರ್ಚೆಗಳನ್ನು ದಾಖಲಿಸುವವರು ಮೈಕುಗಳ ಚಾನೆಲ್‌ಗಳನ್ನು ಬೆರೆಸುವ ಮೊದಲು ಬೇರೆಯಾಗಿಯೂ ಉಳಿಸಿಕೊಳ್ಳಬೇಕು ಎಂದು ನಾನು ಬಲವಾಗಿ ಹೇಳುತ್ತೇನೆ. ಆದರೆ ನಮ್ಮ ಕೈಗೆ ಬಂದದ್ದು ಬೆರೆತ ಧ್ವನಿ.

ಮೇಜಿನ ಹಿಂದೆ ಎಡದಿಂದ ಬಲಕ್ಕೆ ಒಬ್ಬ ಹಿರಿಯ ರೈತರು, ಅವರ ತಮ್ಮ, ಚರ್ಚೆ ನಡೆಸಿಕೊಟ್ಟ ಸಂಚಾಲಕಿ, ನೀರಾವರಿ ಎಂಜಿನಿಯರ್ ಮತ್ತು ಗ್ರಾಮ ಪಂಚಾಯಿತಿಯ ಸದಸ್ಯೆ ಕುಳಿತಿದ್ದರು. ಹಿರಿಯ ರೈತರಿಗೆ ತುಟಿಯನ್ನು ಅರ್ಧ ಮುಚ್ಚುವಷ್ಟು ದಪ್ಪ ಮೀಸೆಯಿತ್ತು, ಮತ್ತು ಅವರು ಚರ್ಚೆಯುದ್ದಕ್ಕೂ ಎಲೆ ಅಡಿಕೆ ಜಗಿಯುತ್ತಿದ್ದರು. ಈ ಎರಡೂ ವಿವರಗಳು ಮುಂದೆ ಮುಖ್ಯವಾಗುತ್ತವೆ.

ಯಂತ್ರ ಯಾವ ಸಾಕ್ಷ್ಯವನ್ನು ನಂಬುತ್ತದೆ

ಬಾಯಿ ಅಲುಗಾಡುತ್ತಿದೆ ಎಂಬುದು ಮಾತಿಗೆ ಸಾಕ್ಷ್ಯವಲ್ಲ. ಜಗಿಯುವವರ ಬಾಯಿಯೂ ನಗುವವರ ಬಾಯಿಯೂ ಅಲುಗಾಡುತ್ತದೆ. ದನಿ ಕೇಳುತ್ತಿದೆ ಎಂಬುದೂ ತೆರೆಯ ಮೇಲಿನ ಮುಖಕ್ಕೆ ಸಾಕ್ಷ್ಯವಲ್ಲ, ಏಕೆಂದರೆ ಮಾತಾಡುವವರು ತೆರೆಯ ಆಚೆಗಿರಬಹುದು. ಇವೆರಡನ್ನೂ ಜೋಡಿಸುವ ಸಾಕ್ಷ್ಯ ಕಾಲದ ಹೊಂದಾಣಿಕೆ ಮಾತ್ರ: ಪ, ಬ, ಮ ಎಂಬ ವರ್ಣಗಳು ಕೇಳಿದ ಕ್ಷಣದ ಆಸುಪಾಸಿನಲ್ಲಿ ತುಟಿಗಳು ಮುಚ್ಚಿರಲೇಬೇಕು, ದೀರ್ಘ ಆಕಾರ ಕೇಳಿದಾಗ ದವಡೆ ಇಳಿದಿರಲೇಬೇಕು. ಕ, ಗ ಮೊದಲಾದವು ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಹೊರಗೆ ಏನನ್ನೂ ತೋರಿಸುವುದಿಲ್ಲ. ಆದ್ದರಿಂದ ಈ ಸಾಕ್ಷ್ಯ ಪ್ರತಿ ವರ್ಣದಲ್ಲಿ ಸಿಗದೆ, ಒಂದೆರಡು ಸೆಕೆಂಡು ನೋಡಿದ ಮೇಲೆ ಕೂಡಿಬರುತ್ತದೆ.

ಈ ಹೊಂದಾಣಿಕೆಯನ್ನು ನೇರವಾಗಿ ಅಳೆಯುವ ಮಾದರಿಯನ್ನು ಆಕ್ಸ್‌ಫರ್ಡ್‌ನಲ್ಲಿ ಜೂನ್ ಸನ್ ಚುಂಗ್ ಮತ್ತು ಆ್ಯಂಡ್ರೂ ಝಿಸ್ಸರ್‌ಮನ್ 2016ರಲ್ಲಿ ಪ್ರಕಟಿಸಿದರು; ಅದರ ಹೆಸರು ಸಿಂಕ್‌ನೆಟ್. ಅದು 5 ಫ್ರೇಮ್‌ಗಳ ಬಾಯಿಯ ಚಿತ್ರವನ್ನು, ಅಂದರೆ 0.2 ಸೆಕೆಂಡಿನ ಚಲನೆಯನ್ನು, ಒಂದು ಸಂಖ್ಯಾಸರಣಿಯನ್ನಾಗಿ ಮಾಡುತ್ತದೆ. ಅಷ್ಟೇ ಕಾಲದ ಧ್ವನಿಯನ್ನು ಇನ್ನೊಂದು ಸಂಖ್ಯಾಸರಣಿಯನ್ನಾಗಿ ಮಾಡುತ್ತದೆ. ಇವೆರಡೂ ಒಂದೇ ಕ್ಷಣಕ್ಕೆ ಸೇರಿದ್ದರೆ ಅವುಗಳ ನಡುವಿನ ಅಂತರ ಕಡಿಮೆ, ಇಲ್ಲದಿದ್ದರೆ ಹೆಚ್ಚು. ಧ್ವನಿಯನ್ನು ಹಿಂದಕ್ಕೂ ಮುಂದಕ್ಕೂ 15 ಫ್ರೇಮ್‌ಗಳವರೆಗೆ ಸರಿಸುತ್ತ ಹೋದರೆ ಯಾವ ಜಾಗದಲ್ಲಿ ಅಂತರ ಅತಿ ಕಡಿಮೆಯೋ ಅದೇ ಚಿತ್ರಕ್ಕೂ ಧ್ವನಿಗೂ ಇರುವ ವ್ಯತ್ಯಾಸ. ಎಲ್ಲ ಅಂತರಗಳ ಮಧ್ಯಕದಿಂದ ಆ ಕನಿಷ್ಠ ಅಂತರವನ್ನು ಕಳೆದಾಗ ಸಿಗುವುದು ವಿಶ್ವಾಸದ ಅಳತೆ. ಮಾತಾಡದ ಮುಖಕ್ಕೆ ಇದೇ ಲೆಕ್ಕ ಹಾಕಿದರೆ ಎಲ್ಲ ಸ್ಥಾನಗಳಲ್ಲೂ ಅಂತರ ಹೆಚ್ಚುಕಡಿಮೆ ಒಂದೇ ಇರುತ್ತದೆ, ಹಾಗಾಗಿ ವಿಶ್ವಾಸದ ಅಳತೆ ಸೊನ್ನೆಯ ಹತ್ತಿರ ಬರುತ್ತದೆ.

ಮುಖ್ಯ ಕೆಲಸಕ್ಕೆ ನಾವು ಬಳಸಿದ್ದು 2021ರಲ್ಲಿ ಬಂದ ಟಾಕ್‌ನೆಟ್. ಅದು 0.2 ಸೆಕೆಂಡಿಗೆ ನಿಲ್ಲದೆ ಕೆಲವು ಸೆಕೆಂಡುಗಳ ಮುಖದ ಚಲನೆಯನ್ನೂ ಅದೇ ಕಾಲದ ಧ್ವನಿಯನ್ನೂ ಒಟ್ಟಿಗೆ ತೂಗಿ ನೋಡಿ ಪ್ರತಿ ಫ್ರೇಮ್‌ಗೆ ಒಂದು ಅಂಕ ಕೊಡುತ್ತದೆ. ಅಂಕ ಸೊನ್ನೆಗಿಂತ ಹೆಚ್ಚಿದ್ದರೆ ‘ಈ ಮುಖ ಮಾತಾಡುತ್ತಿದೆ’, ಕಡಿಮೆಯಿದ್ದರೆ ‘ಇಲ್ಲ’. ಇದರ ಒಂದು ಗುಣವನ್ನು ಮರೆಯಬಾರದು: ಅದು ಪ್ರತಿ ಮುಖವನ್ನೂ ಪ್ರತ್ಯೇಕವಾಗಿ ನೋಡುತ್ತದೆ. ಪಕ್ಕದಲ್ಲಿ ಇನ್ನೂ ನಾಲ್ವರಿದ್ದಾರೆ ಎಂಬುದು ಅದಕ್ಕೆ ತಿಳಿಯದು. 2020ರಿಂದೀಚೆಗೆ ಬಂದ ಹಲವು ಮಾದರಿಗಳು ಚೌಕಟ್ಟಿನಲ್ಲಿರುವ ಮುಖಗಳನ್ನು ಒಂದರೊಡನೊಂದು ಹೋಲಿಸಿ ನಿರ್ಧರಿಸುತ್ತವೆ ಮತ್ತು ಅದರಿಂದ ಹೆಚ್ಚಿನ ಅಂಕ ಪಡೆಯುತ್ತವೆ. ಆದರೂ ಈ ಪ್ರಕರಣದಲ್ಲಿ ಒಂಟಿಯಾಗಿ ನೋಡುವ ಮಾದರಿಯನ್ನೇ ಆರಿಸಿಕೊಂಡೆವು, ಏಕೆಂದರೆ ಅದು ಎಲ್ಲಿ ತಪ್ಪುತ್ತದೆ ಎಂಬುದನ್ನು ಒಂದೊಂದೇ ಮುಖದ ಅಂಕಗಳನ್ನು ನೋಡಿ ಪತ್ತೆಹಚ್ಚಬಹುದು.

ಮೊದಲ ಫಲಿತಾಂಶ ಮತ್ತು ಅದರಲ್ಲಿ ಕಂಡ ಇಳಿಜಾರು

ಮೊದಲ ಫಲಿತಾಂಶವನ್ನು ಮೇಲುನೋಟಕ್ಕೆ ನೋಡಿದಾಗ ಆರಂಭದ ಹತ್ತು ನಿಮಿಷ ಚೆನ್ನಾಗಿಯೂ ಕೊನೆಯ ಹತ್ತು ನಿಮಿಷ ಕೆಟ್ಟದಾಗಿಯೂ ಇತ್ತು. ಕೊನೆಯ ಭಾಗದ ದೂರದ ದೃಶ್ಯಗಳಲ್ಲಂತೂ ಐವರಲ್ಲಿ ಯಾರೂ ಮಾತಾಡುತ್ತಿಲ್ಲ ಎಂದೇ ಯಂತ್ರ ಹೇಳುತ್ತಿತ್ತು. ಇಂಥ ಸಂದರ್ಭದಲ್ಲಿ ‘ಮಾದರಿ ಕನ್ನಡಕ್ಕೆ ತರಬೇತಾಗಿಲ್ಲ’ ಎಂಬ ವಿವರಣೆ ಬೇಗ ಬಾಯಿಗೆ ಬರುತ್ತದೆ. ಆದರೆ ಭಾಷೆ ಕಾರಣವಾಗಿದ್ದರೆ ಚರ್ಚೆಯ ಆರಂಭವೂ ಅಷ್ಟೇ ಕೆಡಬೇಕಿತ್ತು. ಅದೇ ಜನ, ಅದೇ ಬೆಳಕು, ಅವೇ ಕ್ಯಾಮೆರಾಗಳು ಇದ್ದೂ ಕಾಲ ಕಳೆದಂತೆ ಫಲಿತಾಂಶ ಇಳಿಯುತ್ತಿದೆಯೆಂದರೆ ಕಾಲಕ್ಕೆ ಸಂಬಂಧಿಸಿದ ಏನೋ ಜಾರುತ್ತಿದೆ ಎಂದರ್ಥ.

ಅದನ್ನು ಪರೀಕ್ಷಿಸಲು ಹತ್ತಿರದಿಂದ ತೆಗೆದ, ಒಬ್ಬರೇ ಕಾಣುವ, ಅವರೇ ಮಾತಾಡುತ್ತಿರುವುದು ಖಚಿತವಾಗಿರುವ ತುಣುಕುಗಳನ್ನು ವಿಡಿಯೋದ ಬೇರೆ ಬೇರೆ ಭಾಗಗಳಿಂದ ಆರಿಸಿ ಸಿಂಕ್‌ನೆಟ್‌ಗೆ ಕೊಟ್ಟೆವು. ಆರಂಭದ ತುಣುಕಿನಲ್ಲಿ ವ್ಯತ್ಯಾಸ ಸೊನ್ನೆ ಬಂತು, ನಡುವಿನದರಲ್ಲಿ 2 ಫ್ರೇಮ್, ಕೊನೆಯದರಲ್ಲಿ 4 ಫ್ರೇಮ್. ಒಂದು ಫ್ರೇಮ್‌ಗೆ 40 ಮಿಲಿಸೆಕೆಂಡಿನಂತೆ ಕೊನೆಗೆ ಧ್ವನಿ ಚಿತ್ರಕ್ಕಿಂತ 160 ಮಿಲಿಸೆಕೆಂಡ್ ಹಿಂದೆ ಬಿದ್ದಿತ್ತು. (ವ್ಯತ್ಯಾಸದ ಮುಂದಿನ ಕೂಡು ಅಥವಾ ಕಳೆ ಚಿಹ್ನೆಗೆ ಯಾವ ಅರ್ಥವೆಂದು ಊಹಿಸಬಾರದು; ಚೆನ್ನಾಗಿರುವ ಒಂದು ತುಣುಕಿನ ಧ್ವನಿಯನ್ನು ಬೇಕೆಂದೇ 200 ಮಿಲಿಸೆಕೆಂಡ್ ತಡಮಾಡಿ ಅದೇ ಸಾಧನಕ್ಕೆ ಕೊಟ್ಟು ನೋಡಿದರೆ ದಿಕ್ಕು ನಿಸ್ಸಂದೇಹವಾಗಿ ತಿಳಿಯುತ್ತದೆ.)

ವ್ಯತ್ಯಾಸ ಎಲ್ಲೆಡೆ ಒಂದೇ ಇದ್ದಿದ್ದರೆ ಸಂಕಲನದಲ್ಲಿ ಧ್ವನಿಯನ್ನು ತಪ್ಪು ಜಾಗದಲ್ಲಿ ಜೋಡಿಸಿದ್ದಾರೆ ಎನ್ನಬಹುದಿತ್ತು. ಒಂದು ಕಡೆ ಥಟ್ಟನೆ ಜಿಗಿದಿದ್ದರೆ ನಡುವೆ ಎಲ್ಲೋ ತುಣುಕು ಕಳೆದಿದೆ ಎನ್ನಬಹುದಿತ್ತು. ಇಲ್ಲಿ ಅದು ಸಮನಾಗಿ ಬೆಳೆಯುತ್ತ ಹೋಗಿತ್ತು, ಮತ್ತು ಅದಕ್ಕೆ ಕಾರಣ ಕ್ಯಾಮೆರಾ ಮತ್ತು ರೆಕಾರ್ಡರ್ ತಮ್ಮ ತಮ್ಮ ಸ್ಫಟಿಕ ಗಡಿಯಾರದಂತೆ ನಡೆಯುವುದು. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸವಿರುವುದು ಅಸಾಮಾನ್ಯವಲ್ಲ. 3000 ಸೆಕೆಂಡುಗಳ ದಾಖಲೆಯಲ್ಲಿ ಅಷ್ಟು ಸಣ್ಣ ವ್ಯತ್ಯಾಸವೇ 150 ಮಿಲಿಸೆಕೆಂಡ್ ಆಗುತ್ತದೆ.

ಈ ಜಾರುವಿಕೆ ಅಷ್ಟು ಜನ ವಿಡಿಯೋ ನೋಡಿದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಏಕೆ ಎಂಬುದಕ್ಕೂ ಉತ್ತರವಿದೆ. ಪ್ರಸಾರಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿ.ಟಿ. 1359 ಎಂಬ ಶಿಫಾರಸಿನ ಪ್ರಕಾರ, ಧ್ವನಿ ಚಿತ್ರಕ್ಕಿಂತ ಸುಮಾರು 125 ಮಿಲಿಸೆಕೆಂಡ್ ತಡವಾದಾಗ ನೋಡುವವರಿಗೆ ಅದು ಗೊತ್ತಾಗತೊಡಗುತ್ತದೆ, ಸುಮಾರು 185 ಮಿಲಿಸೆಕೆಂಡ್‌ವರೆಗೆ ಅದನ್ನು ಸಹಿಸಿಕೊಳ್ಳುತ್ತಾರೆ. ಧ್ವನಿ ಮುಂಚೆ ಬಂದರೆ ಮಾತ್ರ ಸಹನೆ ಬಹಳ ಕಡಿಮೆ. ದೂರದವರ ಮಾತು ತುಸು ತಡವಾಗಿ ಕಿವಿಗೆ ಬೀಳುವುದು ನಮಗೆ ಲೋಕದ ಅಭ್ಯಾಸ. ಆದ್ದರಿಂದ 160 ಮಿಲಿಸೆಕೆಂಡಿನ ತಡವನ್ನು ಮನುಷ್ಯರು ಒಪ್ಪಿಕೊಂಡುಬಿಡುತ್ತಾರೆ. 0.2 ಸೆಕೆಂಡಿನ ತುಣುಕಿನಲ್ಲಿ ಹೊಂದಾಣಿಕೆ ಹುಡುಕುವ ಯಂತ್ರಕ್ಕೆ ಮಾತ್ರ ಅದು ಬಹುತೇಕ ಇಡೀ ತುಣುಕಿನಷ್ಟೇ ತಡ. ಹತ್ತಿರದ ದೃಶ್ಯಗಳಲ್ಲಿ ಅಂಕ ಕುಗ್ಗಿದರೂ ಸೊನ್ನೆಯ ಮೇಲೆ ಉಳಿಯುತ್ತಿತ್ತು. ಮೊದಲೇ ದುರ್ಬಲವಾಗಿದ್ದ ದೂರದ ದೃಶ್ಯಗಳಲ್ಲಿ ಸೊನ್ನೆಯ ಕೆಳಗೆ ಇಳಿದುಹೋಗುತ್ತಿತ್ತು.

ಧ್ವನಿಯನ್ನು ಅಷ್ಟೇ ಪ್ರಮಾಣದಲ್ಲಿ ವೇಗಗೊಳಿಸಿದರೆ ಜಾರುವಿಕೆ ಸರಿಹೋಗುತ್ತದೆ. 0.16 ಸೆಕೆಂಡನ್ನು 3000 ಸೆಕೆಂಡಿನಿಂದ ಭಾಗಿಸಿದರೆ 0.000053, ಹಾಗಾಗಿ:

```
ffmpeg -i charche.mp4 -vn -ac 1 -ar 48000 dhwani.wav
sox dhwani.wav sari.wav speed 1.000053
ffmpeg -i charche.mp4 -i sari.wav -map 0:v -map 1:a -c:v copy charche_sari.mp4
```

ಸರಿಪಡಿಸಿದ ಮೇಲೆ ಅದೇ ತುಣುಕುಗಳನ್ನು ಮತ್ತೆ ಅಳೆದಾಗ ಮೂರೂ ಕಡೆ ವ್ಯತ್ಯಾಸ ಸೊನ್ನೆಯಾಯಿತು. ಈ ಮರುಪರೀಕ್ಷೆಯನ್ನು ಬಿಡಬಾರದು, ಏಕೆಂದರೆ ದಿಕ್ಕು ತಪ್ಪಿ ಧ್ವನಿಯನ್ನು ನಿಧಾನಗೊಳಿಸಿದ್ದರೆ ಕೊನೆಯಲ್ಲಿ ವ್ಯತ್ಯಾಸ 8 ಫ್ರೇಮ್ ಆಗಿರುತ್ತದೆ, ಆಗ ಫಲಿತಾಂಶ ಇನ್ನಷ್ಟು ಹದಗೆಡುತ್ತದೆ.

ಕಾಣದೇ ಹೋದ ಸಣ್ಣ ಮುಖಗಳು

ಇಳಿಜಾರು ಹೋದ ಮೇಲೂ ದೂರದ ದೃಶ್ಯಗಳಲ್ಲಿ ತೊಂದರೆ ಉಳಿದಿತ್ತು, ಆದರೆ ಅದರ ಬಗೆ ಬೇರೆ. ಇಲ್ಲಿ ಮಾತಾಡುತ್ತಿರುವವರಿಗೆ ಕಡಿಮೆ ಅಂಕ ಬಂದದ್ದಲ್ಲ, ಅವರ ಮುಖವೇ ಪಟ್ಟಿಯಲ್ಲಿರಲಿಲ್ಲ. ಟಾಕ್‌ನೆಟ್‌ನ ಸಿದ್ಧ ಕಾರ್ಯಕ್ರಮವು ಮುಖ ಹುಡುಕುವ ಮೊದಲು, ವೇಗಕ್ಕಾಗಿ, ಚಿತ್ರವನ್ನು ಕಾಲು ಭಾಗಕ್ಕೆ ಕುಗ್ಗಿಸುತ್ತದೆ. 1920 ಪಿಕ್ಸೆಲ್ ಅಗಲದ ಚಿತ್ರ 480 ಆಗುತ್ತದೆ; ಅದರಲ್ಲಿ 60 ಪಿಕ್ಸೆಲ್ ಇದ್ದ ಮುಖ 15 ಪಿಕ್ಸೆಲ್‌ಗೆ ಇಳಿಯುತ್ತದೆ. ಅಷ್ಟು ಸಣ್ಣ ಮುಖವನ್ನು ಪತ್ತೆಕಾರ ಒಂದು ಫ್ರೇಮ್‌ನಲ್ಲಿ ಹಿಡಿದರೆ ಮುಂದಿನದರಲ್ಲಿ ಬಿಡುತ್ತದೆ. ಫ್ರೇಮ್‌ನಿಂದ ಫ್ರೇಮ್‌ಗೆ ಮುಖವನ್ನು ಜೋಡಿಸಿಕೊಂಡು ಹೋಗುವ ಹಂತ 10 ಫ್ರೇಮ್‌ಗಳ ತನಕ ಕಾಣೆಯಾದರೂ ಸಹಿಸಿಕೊಳ್ಳುತ್ತದೆ; ಅದಕ್ಕಿಂತ ಹೆಚ್ಚಾದರೆ ಆ ಸರಣಿಯನ್ನು ಅಲ್ಲಿಗೇ ಮುರಿಯುತ್ತದೆ, ಮತ್ತು ತೀರ ಚಿಕ್ಕ ಸರಣಿಗಳನ್ನು ಕೈಬಿಡುತ್ತದೆ. ಹೀಗಾಗಿ ಪಂಚಾಯಿತಿ ಸದಸ್ಯೆ ದೂರದ ದೃಶ್ಯದಲ್ಲಿ ತುಸು ಪಕ್ಕಕ್ಕೆ ತಿರುಗಿ ಮಾತಾಡುತ್ತಿದ್ದಷ್ಟೂ ಹೊತ್ತು ಅವರಿಗೆ ಅಂಕವೇ ಇರಲಿಲ್ಲ.

```
python demoTalkNet.py --videoName charche_sari --facedetScale 0.5
```

ಕುಗ್ಗಿಸುವ ಪ್ರಮಾಣವನ್ನು ಹೀಗೆ ಅರ್ಧಕ್ಕೆ ಏರಿಸಿದಾಗ ಮುಖ ಹುಡುಕುವ ಹಂತ ನಿಧಾನವಾಯಿತು, ಆದರೆ ಐದೂ ಸರಣಿಗಳು ತುಂಡಾಗದೆ ಬಂದವು. ಅಂಕ ಕಡಿಮೆ ಬಂದಿರುವುದೋ, ಮುಖವೇ ಸಿಗದಿರುವುದೋ ಎಂದು ತಿಳಿಯಲು ಪ್ರತಿ ದೃಶ್ಯದಲ್ಲಿ ಎಷ್ಟು ಮುಖಗಳ ಸರಣಿ ದೊರೆತಿದೆ ಎಂದು ಎಣಿಸಿದರೆ ಸಾಕು. ಕದಲದ ಕ್ಯಾಮೆರಾದ ಪ್ರತಿ ದೃಶ್ಯದಲ್ಲೂ ಐದು ಇರಬೇಕು. ನಾಲ್ಕಿದ್ದರೆ ತಪ್ಪು ಎಲ್ಲಿದೆ ಎಂದು ಅಂಕಗಳನ್ನು ನೋಡುವ ಮೊದಲೇ ಗೊತ್ತಾಗುತ್ತದೆ.

ಇನ್ನೊಂದು ಅನುಕೂಲವೂ ಆ ಕ್ಯಾಮೆರಾದಿಂದ ಸಿಕ್ಕಿತು. ಪ್ರತಿ ಕಟ್‌ನಲ್ಲೂ ಸರಣಿ ಮುರಿಯುವುದರಿಂದ ಒಬ್ಬರೇ ವ್ಯಕ್ತಿ ನೂರಾರು ತುಂಡುಗಳಾಗಿ ಬರುತ್ತಾರೆ, ಮತ್ತು ಅವನ್ನು ಮತ್ತೆ ಒಂದೇ ಹೆಸರಿನ ಕೆಳಗೆ ಸೇರಿಸಲು ಸಾಮಾನ್ಯವಾಗಿ ಮುಖ ಗುರುತಿಸುವ ಮಾದರಿಯನ್ನು ಬಳಸುತ್ತಾರೆ. 60 ಪಿಕ್ಸೆಲ್ ಮುಖಗಳಲ್ಲಿ ಅಣ್ಣ ತಮ್ಮಂದಿರನ್ನು ಬೇರ್ಪಡಿಸಲು ಆ ಮಾದರಿಗಿಂತ ಅವರು ಕುಳಿತ ಜಾಗವೇ ಹೆಚ್ಚು ನಂಬಿಕೆಗೆ ಅರ್ಹ. ಕ್ಯಾಮೆರಾ ಕದಲಿಲ್ಲ, ಯಾರೂ ಜಾಗ ಬದಲಿಸಲಿಲ್ಲ. ಮುಖ ಗುರುತಿಸುವ ಮಾದರಿಯನ್ನು ಹತ್ತಿರದ ದೃಶ್ಯಗಳಿಗೆ ಮಾತ್ರ ಉಳಿಸಿಕೊಂಡೆವು.

‘ಇವರಲ್ಲಿ ಯಾರೂ ಅಲ್ಲ’ ಎಂಬ ಉತ್ತರ

ಈ ಪ್ರಕರಣದ ತಿರುಳು ಇಲ್ಲಿದೆ. ಕೈಯಲ್ಲಿ ಕ್ಯಾಮೆರಾ ಹಿಡಿದವರು ಯಾವಾಗಲೂ ಮಾತಾಡುವವರನ್ನೇ ತೋರಿಸುವುದಿಲ್ಲ. ಸಂಚಾಲಕಿ ಪ್ರಶ್ನೆ ಕೇಳುತ್ತಿರುವಾಗ ಅದನ್ನು ಕೇಳಿಸಿಕೊಳ್ಳುತ್ತಿರುವವರ ಮುಖದ ಮೇಲೆ ಕ್ಯಾಮೆರಾ ನಿಲ್ಲಿಸುವುದು ಒಳ್ಳೆಯ ಛಾಯಾಗ್ರಹಣ. ಹಾಗೆ ಸಂಚಾಲಕಿಯ ದನಿಯ ಅಡಿಯಲ್ಲಿ ಹಿರಿಯ ರೈತರು ಎಲೆ ಅಡಿಕೆ ಜಗಿಯುತ್ತ ಕೂತಿರುವ ದೃಶ್ಯಗಳು ಹಲವಿದ್ದವು. ಸಬ್‌ಟೈಟಲ್‌ಗೆ ಹೆಸರು ಹಾಕಲು ಬರೆದುಕೊಂಡಿದ್ದ ಆರಂಭದ ನಿಯಮ ಸರಳವಾಗಿತ್ತು: ಆ ಹೊತ್ತಿನಲ್ಲಿ ತೆರೆಯ ಮೇಲಿರುವ ಮುಖಗಳಲ್ಲಿ ಅತಿ ಹೆಚ್ಚು ಅಂಕ ಪಡೆದವರೇ ಮಾತಾಡಿದವರು. ತೆರೆಯ ಮೇಲೆ ಒಂದೇ ಮುಖವಿದ್ದಾಗ ಅತಿ ಹೆಚ್ಚು ಅಂಕ ಆ ಒಂದೇ ಮುಖಕ್ಕೆ ಬರಲೇಬೇಕು, ಅದು ಸೊನ್ನೆಗಿಂತ ಎಷ್ಟು ಕೆಳಗಿದ್ದರೂ. ಹೀಗೆ ಸಂಚಾಲಕಿಯ ಪ್ರಶ್ನೆಗಳೆಲ್ಲ ರೈತರ ಹೆಸರಿಗೆ ಹೋಗುತ್ತಿದ್ದವು.

ಮಾದರಿ ಇಲ್ಲಿ ಸರಿಯಾಗಿಯೇ ಹೇಳಿತ್ತು. ಜಗಿಯುವ ದವಡೆ ಸೆಕೆಂಡಿಗೆ ಒಂದೆರಡು ಸಲ, ಒಂದೇ ಲಯದಲ್ಲಿ ಏರಿಳಿಯುತ್ತದೆ. ಮಾತಿನ ಬಾಯಿ ಸೆಕೆಂಡಿಗೆ ನಾಲ್ಕೈದು ಅಕ್ಷರಗಳ ವೇಗದಲ್ಲಿ, ದನಿಯ ಏರಿಳಿತಕ್ಕೆ ತಕ್ಕಂತೆ ತೆರೆದು ಮುಚ್ಚುತ್ತದೆ. ಟಾಕ್‌ನೆಟ್ ಕೆಲವು ಸೆಕೆಂಡುಗಳನ್ನು ಒಟ್ಟಿಗೆ ನೋಡುವುದರಿಂದ ಈ ವ್ಯತ್ಯಾಸ ಅದಕ್ಕೆ ಸಿಗುತ್ತದೆ, ಮತ್ತು ಜಗಿಯುತ್ತಿರುವ ಮುಖಕ್ಕೆ ಅದು ಬಹುಪಾಲು ಸೊನ್ನೆಗಿಂತ ಕೆಳಗಿನ ಅಂಕವನ್ನೇ ಕೊಟ್ಟಿತ್ತು. ಆ ಉತ್ತರವನ್ನು ಕಿತ್ತುಹಾಕಿದ್ದು ನಿಯಮ. ಒಂದೊಂದು ಮುಖವನ್ನೂ ಒಂಟಿಯಾಗಿ ನೋಡುವ ಮಾದರಿಯ ಹೆಚ್ಚುಗಾರಿಕೆಯೇ ‘ಇವರಲ್ಲಿ ಯಾರೂ ಅಲ್ಲ’ ಎಂದು ಹೇಳಬಲ್ಲ ಶಕ್ತಿ. ಅಂಕಗಳನ್ನು ಮುಖಗಳ ನಡುವೆ ಹಂಚಿ ಮೊತ್ತ ಒಂದಾಗುವಂತೆ ಮಾಡಿದರೆ ಅಥವಾ ದೊಡ್ಡದನ್ನು ಕಣ್ಣುಮುಚ್ಚಿ ಆರಿಸಿದರೆ ಆ ಶಕ್ತಿ ನಾಶವಾಗುತ್ತದೆ. ಆದ್ದರಿಂದ ಒಂದು ವಾಕ್ಯದ ಅವಧಿಯಲ್ಲಿ ಯಾವ ಮುಖದ ಸರಾಸರಿ ಅಂಕವೂ ಸೊನ್ನೆಯನ್ನು ದಾಟದಿದ್ದರೆ ಆ ವಾಕ್ಯವನ್ನು ‘ತೆರೆಯ ಆಚೆಗಿನವರು’ ಎಂದು ಗುರುತಿಸಿ, ಹೆಸರನ್ನು ಸದ್ಯಕ್ಕೆ ಖಾಲಿ ಬಿಡುವಂತೆ ನಿಯಮವನ್ನು ಬದಲಿಸಿದೆವು.

ಆದರೆ ಸೊನ್ನೆಗಿಂತ ಕೆಳಗಿರುವುದೆಲ್ಲ ಮೌನವಲ್ಲ. ಹಿರಿಯ ರೈತರು ತಾವೇ ಮಾತಾಡುವಾಗ ಮೈಕನ್ನು ತುಟಿಗೆ ಒತ್ತಿ ಹಿಡಿಯುತ್ತಿದ್ದರು, ಮೇಲಿನ ತುಟಿಯನ್ನು ಮೀಸೆ ಮುಚ್ಚಿತ್ತು. ಕಾಣುತ್ತಿದ್ದುದು ಗದ್ದದ ಚಲನೆಯೊಂದೇ. ಅವರ ದೀರ್ಘ ಮಾತುಗಳಲ್ಲೂ ಅಂಕ ಸೊನ್ನೆಯ ಮೇಲೂ ಕೆಳಗೂ ಓಡಾಡುತ್ತಿತ್ತು. ಮಿತಿಯನ್ನು ಸೊನ್ನೆಗಿಂತ ಕೆಳಕ್ಕೆ ಇಳಿಸಿದರೆ ಅವರ ಮಾತು ಅವರಿಗೆ ಸಿಗುತ್ತದೆ, ಜೊತೆಗೆ ಜಗಿಯುವ ದೃಶ್ಯಗಳಲ್ಲಿ ಸಂಚಾಲಕಿಯ ಮಾತೂ ಅವರಿಗೇ ಹೋಗುತ್ತದೆ. ತುಟಿಯ ಸಾಕ್ಷ್ಯವೊಂದರಿಂದಲೇ ಈ ಗಂಟು ಬಿಡುವುದಿಲ್ಲ.

ದನಿಯ ಗುರುತನ್ನು ಮುಖದಿಂದ ಕಲಿಯುವುದು

ಗಂಟನ್ನು ಬಿಡಿಸಿದ್ದು ದನಿಯ ಗುರುತು. ಎಕಪಾ ಟಿಡಿಎನ್‌ಎನ್ ಎಂಬ ಮಾದರಿ ಕೆಲವು ಸೆಕೆಂಡುಗಳ ಮಾತನ್ನು ಸಾಮಾನ್ಯವಾಗಿ 192 ಸಂಖ್ಯೆಗಳ ಒಂದು ಸರಣಿಯಾಗಿ ಬದಲಿಸುತ್ತದೆ. ಒಬ್ಬರದೇ ಎರಡು ಮಾತುಗಳ ಸರಣಿಗಳು ಹತ್ತಿರ ಬರುತ್ತವೆ, ಬೇರೆಯವರವು ದೂರ ಉಳಿಯುತ್ತವೆ. ಇದು ಯಾರ ಹೆಸರನ್ನೂ ಅರಿಯದು. ಹೆಸರನ್ನು ಅರಿತಿರುವುದು ಮುಖ. ಆದ್ದರಿಂದ ಮುಖದ ಸಾಕ್ಷ್ಯ ಅತ್ಯಂತ ಗಟ್ಟಿಯಾಗಿರುವ ತುಣುಕುಗಳಿಂದ ಪ್ರತಿಯೊಬ್ಬರ ದನಿಯ ಮಾದರಿಯನ್ನು ಮಾಡಿಕೊಂಡು, ಮುಖದ ಸಾಕ್ಷ್ಯ ದುರ್ಬಲವಾಗಿರುವ ಕಡೆ ಆ ದನಿಯನ್ನು ಕೇಳುವುದು ಸರಿಯಾದ ಕ್ರಮ.

ಆರಿಸುವ ಷರತ್ತು ಬಿಗಿಯಾಗಿತ್ತು: ತುಣುಕು ಕನಿಷ್ಠ 2 ಸೆಕೆಂಡ್ ಇರಬೇಕು, ಒಂದು ಮುಖದ ಅಂಕ ಆ ಅವಧಿಯುದ್ದಕ್ಕೂ ಸೊನ್ನೆಗಿಂತ ಸ್ಪಷ್ಟವಾಗಿ ಮೇಲಿರಬೇಕು, ಕಾಣುವ ಉಳಿದ ಮುಖಗಳೆಲ್ಲ ಸೊನ್ನೆಯ ಕೆಳಗಿರಬೇಕು. ಹಿರಿಯ ರೈತರಿಗೂ ಅಂಥ ತುಣುಕುಗಳು ಸಿಕ್ಕವು, ಏಕೆಂದರೆ ಅವರು ಆಗಾಗ ಮೈಕನ್ನು ಎದೆಯ ಮಟ್ಟಕ್ಕೆ ಇಳಿಸಿ ಮಾತಾಡಿದ್ದರು.

ಇಲ್ಲೊಂದು ಅಪಾಯವಿದೆ. ಮುಖ ತಪ್ಪು ಹೇಳಿದರೆ ಆ ತಪ್ಪು ದನಿಯ ಮಾದರಿಯೊಳಗೆ ಸೇರಿ, ಅಲ್ಲಿಂದ ವಿಡಿಯೋದ ಉದ್ದಕ್ಕೂ ಹರಡುತ್ತದೆ. ಅದನ್ನು ತಿಳಿಯುವ ದಾರಿ, ಪ್ರತಿಯೊಬ್ಬರ ತುಣುಕುಗಳನ್ನು ಒಂದರೊಡನೊಂದು ಹೋಲಿಸಿ ಎಲ್ಲವೂ ಒಂದೇ ಗುಂಪಾಗಿ ಕೂಡುತ್ತವೆಯೇ ಎಂದು ನೋಡುವುದು. ನಾಲ್ವರದು ಹಾಗೆ ಕೂಡಿತು. ಎಂಜಿನಿಯರರದು ಮಾತ್ರ ಎರಡು ಗುಂಪುಗಳಾಗಿ ಒಡೆಯಿತು, ಸಣ್ಣ ಗುಂಪು ಸಂಚಾಲಕಿಯ ದನಿಗೆ ಹತ್ತಿರವಿತ್ತು. ಆ ತುಣುಕುಗಳನ್ನು ತೆರೆದು ನೋಡಿದಾಗ, ಸಂಚಾಲಕಿ ಅಂಕಿಅಂಶಗಳನ್ನು ಓದಿ ಹೇಳುತ್ತಿರುವಾಗ ಎಂಜಿನಿಯರ್ ತಮ್ಮ ಮುಂದಿದ್ದ ಅದೇ ಹಾಳೆಯನ್ನು ನೋಡುತ್ತ ಸದ್ದಿಲ್ಲದೆ ಜೊತೆಗೇ ತುಟಿಯಾಡಿಸುತ್ತಿದ್ದರು. ತುಟಿಯೂ ದನಿಯೂ ನಿಜಕ್ಕೂ ಹೊಂದುತ್ತಿದ್ದವು. ಕಾಲದ ಹೊಂದಾಣಿಕೆಯನ್ನಷ್ಟೇ ನಂಬುವ ಯಾವ ಯಂತ್ರವೂ ಇಲ್ಲಿ ಮೋಸಹೋಗಲೇಬೇಕು. ಗೂಗಲ್ ಸಂಶೋಧಕರು ಪ್ರಕಟಿಸಿದ ಆವಾ ಆಕ್ಟಿವ್ ಸ್ಪೀಕರ್ ಎಂಬ ದತ್ತಾಂಶದಲ್ಲಿ ‘ಮಾತಾಡುತ್ತಿದ್ದಾರೆ, ಆದರೆ ಕೇಳುತ್ತಿಲ್ಲ’ ಎಂಬ ಪ್ರತ್ಯೇಕ ಗುರುತೇ ಇರುವುದರ ಮಹತ್ವ ಇಂಥ ದೃಶ್ಯಗಳಲ್ಲಿ ಅರಿವಾಗುತ್ತದೆ. ಆ ಸಣ್ಣ ಗುಂಪನ್ನು ಎಂಜಿನಿಯರರ ಮಾದರಿಯಿಂದ ತೆಗೆದುಹಾಕಿದೆವು.

ಬಳಿಕ ಉಳಿದ ಪ್ರತಿ ವಾಕ್ಯವನ್ನೂ ಐದು ದನಿಗಳೊಡನೆ ಹೋಲಿಸಿದೆವು. ಸಂಚಾಲಕಿಯ ಪ್ರಶ್ನೆಗಳು ತೆರೆಯ ಮೇಲೆ ಯಾರಿದ್ದರೂ ಅವರ ಹೆಸರಿಗೇ ಬಂದವು. ಮೈಕಿನ ಹಿಂದೆ ಅಡಗಿದ ಹಿರಿಯ ರೈತರ ಮಾತುಗಳೂ ಅವರಿಗೆ ಮರಳಿದವು. ದನಿ ಸೋತದ್ದು ಅಣ್ಣ ತಮ್ಮಂದಿರ ನಡುವೆ. ಇಬ್ಬರ ದನಿಯೂ ಎಷ್ಟು ಹತ್ತಿರವಿತ್ತೆಂದರೆ ಮೊದಲ ಮತ್ತು ಎರಡನೆಯ ಸ್ಥಾನದ ಅಂತರ ತೀರ ಸಣ್ಣದು. ಅಲ್ಲಿ ನಿರ್ಧಾರವನ್ನು ಮತ್ತೆ ತುಟಿಗೆ ಒಪ್ಪಿಸಿದೆವು, ಏಕೆಂದರೆ ತಮ್ಮನ ಬಾಯಿ ಸದಾ ಸ್ಪಷ್ಟವಾಗಿ ಕಾಣುತ್ತಿತ್ತು: ಇಬ್ಬರೂ ಕಾಣುವ ದೃಶ್ಯದಲ್ಲಿ ತಮ್ಮನ ಅಂಕ ಸೊನ್ನೆಗಿಂತ ಬಹಳ ಕೆಳಗಿದ್ದರೆ ಮಾತು ಅಣ್ಣನದು. ಚೆನ್ನಾಗಿ ಕಾಣುವ ಮುಖ ಮಾತಾಡುತ್ತಿಲ್ಲ ಎಂಬುದು, ಸರಿಯಾಗಿ ಕಾಣದ ಮುಖ ಮಾತಾಡುತ್ತಿರಬಹುದು ಎಂಬುದಕ್ಕಿಂತ ಗಟ್ಟಿಯಾದ ಸಾಕ್ಷ್ಯ.

ಫಲಿತಾಂಶವನ್ನು ಅಳೆದ ಬಗೆ

ಈ ಕ್ಷೇತ್ರದ ಮಾದರಿಗಳನ್ನು ಸಾಮಾನ್ಯವಾಗಿ ಅದೇ ಆವಾ ದತ್ತಾಂಶದ ಮೇಲೆ, ಫ್ರೇಮ್ ಫ್ರೇಮ್‌ಗೂ ಲೆಕ್ಕಹಾಕಿ ಅಳೆಯುತ್ತಾರೆ; ಟಾಕ್‌ನೆಟ್‌ಗೆ ಅಲ್ಲಿ ಬಂದ ಸರಾಸರಿ ನಿಖರತೆ ಶೇ. 92.3. ಅದು ಚಲನಚಿತ್ರಗಳಿಂದ ಆಯ್ದ ದತ್ತಾಂಶ, ಮತ್ತು ಚಲನಚಿತ್ರದಲ್ಲಿ ಬೆಳಕು, ಮುಖದ ಗಾತ್ರ, ಧ್ವನಿಯ ಜೋಡಣೆ ಎಲ್ಲವನ್ನೂ ಜೋಪಾನವಾಗಿ ಮಾಡಿರುತ್ತಾರೆ. ಸಬ್‌ಟೈಟಲ್‌ಗೆ ಫ್ರೇಮ್‌ಗಳ ಲೆಕ್ಕ ದಾರಿ ತಪ್ಪಿಸುತ್ತದೆ ಎಂಬುದು ನನ್ನ ನಿಲುವು: ಎರಡು ನಿಮಿಷದ ಒಂದು ಮಾತು ಸರಿಯಾದರೆ 3000 ಫ್ರೇಮ್ ಸರಿಯಾಗುತ್ತವೆ, ಅದರ ನಡುವೆ ಬಂದ ಅರ್ಧ ಸೆಕೆಂಡಿನ ‘ಅದು ಸುಳ್ಳು’ ಎಂಬ ಆಕ್ಷೇಪ ತಪ್ಪಾದರೆ ಹನ್ನೆರಡೋ ಹದಿಮೂರೋ ಫ್ರೇಮ್ ಮಾತ್ರ ತಪ್ಪುತ್ತವೆ. ಆದರೆ ಓದುವವರಿಗೆ ಯಾರು ಆಕ್ಷೇಪಿಸಿದರು ಎಂಬುದೇ ಮುಖ್ಯ. ಆದ್ದರಿಂದ ವಾಕ್ಯವನ್ನೇ ಘಟಕವಾಗಿಟ್ಟುಕೊಂಡು, ದೂರದ ದೃಶ್ಯ, ಹತ್ತಿರದ ದೃಶ್ಯ, ಕೇಳುಗರ ಮುಖ ತೋರಿಸುವ ದೃಶ್ಯ ಈ ಮೂರರಿಂದಲೂ ತುಣುಕುಗಳನ್ನು ಆರಿಸಿ, ಮನುಷ್ಯರು ಕೇಳಿ ಗುರುತಿಸಿದ ಹೆಸರುಗಳೊಡನೆ ಪ್ರತ್ಯೇಕವಾಗಿ ಹೋಲಿಸಿದೆವು. ಮೂರನ್ನೂ ಬೆರೆಸಿ ಒಂದೇ ಸಂಖ್ಯೆ ಮಾಡಿದ್ದರೆ ಕೇಳುಗರ ದೃಶ್ಯಗಳ ತಪ್ಪುಗಳು ಹತ್ತಿರದ ದೃಶ್ಯಗಳ ಸರಿಗಳಲ್ಲಿ ಮುಚ್ಚಿಹೋಗುತ್ತಿದ್ದವು.

ಉಳಿದ ತಪ್ಪುಗಳು ಎರಡು ಬಗೆಯವು. ಒಂದು, ‘ಹೂಂ’, ‘ಊಹೂಂ’ ಎಂಬ ಸಣ್ಣ ಸಮ್ಮತಿ ಅಸಮ್ಮತಿಗಳು. ಇವನ್ನು ಬಾಯಿ ಮುಚ್ಚಿಕೊಂಡೇ ಹೇಳಬಹುದಾದ್ದರಿಂದ ತುಟಿ ಏನನ್ನೂ ತೋರಿಸುವುದಿಲ್ಲ, ಮತ್ತು ದನಿಯ ಗುರುತಿಗೆ ಬೇಕಾದ ಉದ್ದವೂ ಅವಕ್ಕಿಲ್ಲ. ಇನ್ನೊಂದು, ಇಬ್ಬರು ಒಟ್ಟಿಗೆ ಮಾತಾಡಿದ ಭಾಗಗಳು. ಕಾಮಗಾರಿಯ ಬಿಲ್ಲಿನ ಪ್ರಸ್ತಾಪ ಬಂದಾಗ ತಮ್ಮನೂ ಪಂಚಾಯಿತಿ ಸದಸ್ಯೆಯೂ ಏಕಕಾಲಕ್ಕೆ ದನಿ ಏರಿಸಿದ್ದರು. ಅಲ್ಲಿ ಎರಡೂ ಮುಖಗಳಿಗೆ ಸೊನ್ನೆಗಿಂತ ಹೆಚ್ಚಿನ ಅಂಕ ಬಂದಿತ್ತು, ಅದು ಸರಿಯಾದ ಉತ್ತರವೇ. ಆದರೆ ಬರೆದುಕೊಂಡ ಪಠ್ಯದಲ್ಲಿ ಯಾವ ಪದ ಯಾರದು ಎಂಬುದನ್ನು ಬೆರೆತ ಒಂದೇ ಚಾನೆಲ್‌ನಿಂದ ಬೇರ್ಪಡಿಸಲು ಈ ಸಾಧನಗಳಿಗೆ ಆಗಲಿಲ್ಲ. ಇಂಥ ವಾಕ್ಯಗಳನ್ನೂ, ಮುಖ ಒಂದು ಹೆಸರು ಹೇಳಿ ದನಿ ಇನ್ನೊಂದು ಹೆಸರು ಹೇಳಿದ ವಾಕ್ಯಗಳನ್ನೂ, ಯಂತ್ರದ ಊಹೆಯನ್ನು ತೋರಿಸದೆ, ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಚರ್ಚೆಯಲ್ಲಿ ಭಾಗವಹಿಸಿದ್ದ ಸಂಚಾಲಕಿಯವರಿಗೇ ಕಳುಹಿಸಿದೆವು. ಊಹೆಯನ್ನು ಮುಂದಿಟ್ಟರೆ ಪರಿಶೀಲಿಸುವವರು ಅದನ್ನೇ ಒಪ್ಪಿಕೊಂಡು ಮುಂದೆ ಹೋಗುವ ಸಂಭವ ಹೆಚ್ಚು. ಅವರು ಕೇಳಿ ಹೆಸರು ತುಂಬಿದರು, ತಮಗೂ ಖಚಿತವಾಗದ ಕೆಲವು ಕಡೆ ‘ಇಬ್ಬರೂ ಒಟ್ಟಿಗೆ’ ಎಂದು ಬರೆದರು, ಸಬ್‌ಟೈಟಲ್‌ನಲ್ಲಿ ಅದು ಹಾಗೆಯೇ ಹೋಯಿತು.